ಯೋಹಾನ 3:16ರ ಗ್ರಾಬಾರ್ ಪಾಠ: ಒಂದು ಕ್ರಿಯಾಪದಕ್ಕೆ ಮುಂದೆ ‘ಎ’ ಇದೆ, ಇನ್ನೊಂದಕ್ಕೆ ಯಾಕಿಲ್ಲ?

ಶರಾವತಿ
ಗ್ರಾಬಾರ್, ಅಂದರೆ ಐದನೇ ಶತಮಾನದ ಹಳೆಯ ಅರ್ಮೇನಿಯನ್ ಕಲಿಯುತ್ತಿದ್ದೇನೆ. ಯೋಹಾನ 3:16ನ್ನು ಬಿಡಿಸಲು ಕೂತು ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪಾಠ ಹೀಗಿದೆ:

ಜ಼ಿ ಆಯ್ನ್‌ಪೇಸ್ ಸಿರೆಯಾಥ್ಸ್ ಆಸ್ತುವಾತ್ಸ್ ಜ಼್-ಆಶ್ಖಾರ್ಹ್, ಮಿನ್‌ಛೆವ್ ಜ಼್-ಒರ್ದಿ-ನ್ ಇವ್ರ್ ಮಿಯಾತ್ಸಿನ್ ಎತ್, ಜ಼ಿ ಆಮೆನಾಯ್ನ್ ಒರ್ ಹಾವಾತಾಯ್ ಇ ನಾ, ಮಿ ಕೊರಿಥ್ಸೇ, ಆಯ್ಲ್ ಅನ್ಕಾಲ್‌ಥ್ಸಿ ಜ಼್-ಕೆಯಾನ್ಸ್-ನ್ ಯಾವಿತೆನಾಕಾನ್ಸ್.

ಬಿಡಿಸಿದ್ದು ಗೊತ್ತಾಗಲಿ ಎಂದು ಅಡ್ಡಗೆರೆ ನಾನೇ ಹಾಕಿದ್ದು. ‘ಥ್ಸ್’ ಮಹಾಪ್ರಾಣದ ಅಕ್ಷರ, ‘ತ್ಸ್’ ಅಲ್ಪಪ್ರಾಣದ್ದು.

‘ಸಿರೆಯಾಥ್ಸ್’ ಪ್ರೀತಿಸಿದನು, ‘ಎತ್’ ಕೊಟ್ಟನು. ಎರಡೂ ಅಯೋರಿಸ್ಟ್, ಅಂದರೆ ಮುಗಿದ ಕ್ರಿಯೆಯನ್ನು ಹೇಳುವ ಭೂತರೂಪ, ಎರಡೂ ಪ್ರಥಮ ಪುರುಷ ಏಕವಚನ. ಒಂದಕ್ಕೆ ಮುಂದೆ ‘ಎ’ ಬಂದು ಇನ್ನೊಂದಕ್ಕೆ ಬಾರದಿರುವುದು ಯಾಕೆ? ಇನ್ನು ‘ಆಶ್ಖಾರ್ಹ್’, ‘ಒರ್ದಿ’ ಎರಡೂ ಕರ್ಮ. ಆದರೆ ಕೊನೆಯಲ್ಲಿ ದ್ವಿತೀಯಾ ಪ್ರತ್ಯಯವೇ ಕಾಣುವುದಿಲ್ಲ. ವಿಭಕ್ತಿ ಎಲ್ಲಿ ಹೋಯಿತು?

ಅಷ್ಟಾಧ್ಯಾಯಿ
ಸಂಸ್ಕೃತ ಬಲ್ಲವರಿಗೆ ಇದು ಪರಿಚಿತ ವಿಷಯ. ಆ ‘ಎ’ ನಮ್ಮ ಅಡಾಗಮವೇ, ಭೂತಕಾಲದಲ್ಲಿ ಧಾತುವಿನ ಮುಂದೆ ಸೇರುವ ‘ಅ’. ‘ಎತ್’ ಅಂದರೆ ‘ಅದಾತ್’, ಲುಙ್ ಲಕಾರ, ಸಂಸ್ಕೃತದ ಅಯೋರಿಸ್ಟ್. ದಾ ಧಾತುವಿನ ದಕಾರ ಅರ್ಮೇನಿಯನ್‌ನಲ್ಲಿ ತಕಾರವಾಗುತ್ತದೆ. ಧಾತುವಿಗೆ ನೇರವಾಗಿ ಪ್ರತ್ಯಯ ಹತ್ತುವ ಹಳೆಯ ಅಯೋರಿಸ್ಟಿಗೆ ಆಗಮ ಬರುತ್ತದೆ. ‘ಸಿರೆಯಾಥ್ಸ್’ ಆಮೇಲೆ ಹುಟ್ಟಿದ ‘ಥ್ಸ್’ ಗುಂಪಿನದು, ಅದಕ್ಕೆ ಆಗಮವಿಲ್ಲ. ‘ಜ಼್’ ಎಂಬುದು ‘ಆ ನಿರ್ದಿಷ್ಟವಾದ’ ಎಂಬ ಅರ್ಥದ ಆರ್ಟಿಕಲ್. ಇಷ್ಟೇ ವಿಷಯ.

ಪದಚ್ಛೇದ
ಅಷ್ಟಾಧ್ಯಾಯಿಯವರೇ, ‘ಎತ್’ ಮತ್ತು ‘ಅದಾತ್’ ಒಂದೇ ಮೂಲದವು, ಅದು ಪೂರ್ತಿ ಸರಿ. ಇನ್ನೊಂದು ಜೋಡಿಯನ್ನೂ ಸೇರಿಸಬಹುದು: ‘ಎದ್’, ಅಂದರೆ ಇಟ್ಟನು, ನಮ್ಮ ‘ಅಧಾತ್’. ಸಂಸ್ಕೃತದ ದ-ಧ ಭೇದ ಅಲ್ಲಿ ತ-ದ ಭೇದವಾಗಿ ಉಳಿದಿದೆ.

ಆದರೆ ಧಾತು ಅಯೋರಿಸ್ಟಿಗೆ ಮಾತ್ರ ಆಗಮ ಎಂಬ ನಿಯಮ ನಿಲ್ಲುವುದಿಲ್ಲ. ‘ನಿಲ್ಲು’ ಎಂಬ ಅರ್ಥದ ‘ಕಾಮ್’ ತೆಗೆದುಕೊಳ್ಳಿ. ಅದರ ಅಯೋರಿಸ್ಟ್ ‘ಥ್ಸ್’ ಗುಂಪಿನದೇ. ನಾನು ನಿಂತೆ ‘ಕಾಥ್ಸಿ’, ನೀನು ನಿಂತೆ ‘ಕಾಥ್ಸೆರ್’, ಅವನು ನಿಂತನು ಮಾತ್ರ ‘ಎಕಾಥ್ಸ್’. ಇಲ್ಲಿ ‘ಎ’ ಬಂದುಬಿಟ್ಟಿತಲ್ಲ. ಇನ್ನು ಧಾತು ಅಯೋರಿಸ್ಟಿನ ‘ಬೆರೆಮ್’, ಅಂದರೆ ಹೊರು, ನೋಡಿ: ಬೆರಿ, ಬೆರೆರ್, ಎಬೆರ್. ಹಳೆಯ ಗುಂಪೇ ಆದರೂ ಮೊದಲ ಎರಡಕ್ಕೆ ‘ಎ’ ಇಲ್ಲ.

ನಿಜವಾದ ಕಾರಣ ಅಕ್ಷರಗಳ ಲೆಕ್ಕ. ವ್ಯಂಜನದಿಂದ ಶುರುವಾಗುವ ಅಯೋರಿಸ್ಟ್ ರೂಪ ಒಂದೇ ಉಚ್ಚಾರಾಂಶಕ್ಕೆ ಕುಗ್ಗಿಹೋಗುವಂತಿದ್ದರೆ ಮುಂದೆ ‘ಎ’ ಬಂದು ಅದನ್ನು ಎರಡು ಮಾಡುತ್ತದೆ. ಬರೀ ‘ಬೆರ್’ ನಿಲ್ಲಲಾರದು, ಅದಕ್ಕೇ ‘ಎಬೆರ್’. ‘ಬೆರಿ’ಯಲ್ಲಿ ಆಗಲೇ ಎರಡಿವೆ, ಆಗಮ ಬೇಕಿಲ್ಲ. ‘ಕೊಡು’ ಕ್ರಿಯಾಪದದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ: ಎತು, ಎತುರ್, ಎತ್ ಮೂರಕ್ಕೂ ‘ಎ’ ಇದೆ, ಯಾಕೆಂದರೆ ಅದನ್ನು ತೆಗೆದರೆ ತು, ತುರ್ ಎಂದು ಒಂದೊಂದೇ ಉಳಿಯುತ್ತದೆ. ‘ನಾವು ಕೊಟ್ಟೆವು’ ಮಾತ್ರ ‘ತುವಾಕ್’. ಅದರಲ್ಲಿ ತಾನಾಗಿಯೇ ಎರಡಿವೆ, ಹಾಗಾಗಿ ‘ಎ’ ಇಲ್ಲ. ಒಂದೇ ಕ್ರಿಯಾಪದದ ಒಳಗೇ ಆಗಮ ಬಂದೂ ಹೋಗಿಯೂ ಮಾಡುತ್ತದೆ. ನಿಯಮ ಧಾತುವಿನ ಜಾತಿಗಲ್ಲ, ಆಯಾ ರೂಪದ ಉದ್ದಕ್ಕೆ.

‘ಸಿ-ರೆಯಾಥ್ಸ್’ನಲ್ಲಿ ‘ಎಆ’ ಒಂದೇ ಸಂಧ್ಯಕ್ಷರ, ಕನ್ನಡದಲ್ಲಿ ಬರೆಯುವಾಗ ಮಾತ್ರ ಮೂರರಂತೆ ಕಾಣುತ್ತದೆ. ಅದನ್ನು ಬಿಟ್ಟರೂ ಎರಡು ಇದ್ದೇ ಇವೆ. ಆಗಮದ ಪ್ರಶ್ನೆಯೇ ಏಳುವುದಿಲ್ಲ.

ಅಷ್ಟಾಧ್ಯಾಯಿ
‘ಎಕಾಥ್ಸ್’ ಇದ್ದರೆ ನನ್ನ ವಿಂಗಡಣೆ ನಿಲ್ಲದು, ಒಪ್ಪಿದೆ. ಆದರೆ ‘ಎಬೆರ್’ ಎಂಬುದಕ್ಕೆ ಸಂಸ್ಕೃತದಲ್ಲಿ ಸರಿಹೊಂದುವುದು ‘ಅಭರತ್’. ಅದು ಲಙ್, ಅಂದರೆ ಅಪೂರ್ಣ ಭೂತ, ಲುಙ್ ಅಲ್ಲ. ಅದನ್ನು ಅಯೋರಿಸ್ಟ್ ಅನ್ನುವುದು ಹೇಗೆ?

ಪದಚ್ಛೇದ
ಹುಟ್ಟಿನಿಂದ ಅದು ಲಙ್, ಕೆಲಸದಿಂದ ಅಯೋರಿಸ್ಟ್. ಗ್ರಾಬಾರ್ ಹೊಸದಾಗಿ ಬೇರೆಯೇ ಅಪೂರ್ಣ ಭೂತವನ್ನು ಕಟ್ಟಿಕೊಂಡಿತು: ‘ಬೆರೇರ್’, ಹೊರುತ್ತಿದ್ದನು. ಹಳೆಯ ಲಙ್ ರೂಪ ಅಯೋರಿಸ್ಟಿನ ಸಾಲಿಗೆ ಸರಿಯಿತು. ಆದ್ದರಿಂದ ಸಂಸ್ಕೃತದ ರೂಪ ನೋಡಿ ಗ್ರಾಬಾರ್‌ನ ಕಾಲವನ್ನು ನಿರ್ಧರಿಸಬೇಡಿ. ಮೂಲ ತಿಳಿಯಲು ಸಂಸ್ಕೃತ ನೆರವಾಗುತ್ತದೆ, ಅರ್ಥ ತಿಳಿಯಲು ಗ್ರಾಬಾರ್‌ನ ಒಳಗಿನ ಎದುರುಜೋಡಿಗಳನ್ನೇ ನೋಡಬೇಕು.

ಕರಾವಳಿ ಓದುಗ
ನನಗೊಂದು ತೊಂದರೆ. ಇದೇ ವಚನವನ್ನು ಓದಿದ ಧ್ವನಿಮುದ್ರಿಕೆ ಕೇಳಿದೆ. ಅದರಲ್ಲಿ ಸ್ಪಷ್ಟವಾಗಿ ‘ಯೆದ್’ ಅನ್ನುತ್ತಾರೆ. ಹಾಗಾದರೆ ‘ಮಗನನ್ನು ಇಟ್ಟನು’ ಎಂಬ ಪಾಠಭೇದ ಇದೆಯೇ? ಯಾವ ಹಸ್ತಪ್ರತಿಯದು?

ಪದಚ್ಛೇದ
ಪಾಠಭೇದವಲ್ಲ, ಓದಿದವರು ಪಶ್ಚಿಮ ಅರ್ಮೇನಿಯನ್ ಉಚ್ಚಾರಣೆಯವರು. ಅವರ ಬಾಯಲ್ಲಿ ಹಳೆಯ ತಕಾರ ದಕಾರವಾಗುತ್ತದೆ, ಹಳೆಯ ದಕಾರ ಮಹಾಪ್ರಾಣದ ‘ಥ’ ಆಗುತ್ತದೆ. ಪದದ ಮೊದಲಿನ ‘ಎ’ ಇವತ್ತು ಪೂರ್ವ, ಪಶ್ಚಿಮ ಎರಡರಲ್ಲೂ ‘ಯೆ’. ಹೀಗಾಗಿ ‘ಕೊಟ್ಟನು’ ಅವರಲ್ಲಿ ‘ಯೆದ್’, ‘ಇಟ್ಟನು’ ‘ಯೆಥ್’. ಪೂರ್ವದವರು ಓದಿದರೆ ಕ್ರಮವಾಗಿ ‘ಯೆತ್’, ‘ಯೆದ್’. ಒಂದೇ ‘ಯೆದ್’ ಎಂಬ ಸದ್ದು ಇಬ್ಬರ ಬಾಯಲ್ಲಿ ಎರಡು ಬೇರೆ ಕ್ರಿಯಾಪದ. ಕಿವಿಯಿಂದ ಬರೆದುಕೊಂಡು ನಿಘಂಟು ತೆರೆದರೆ ತಪ್ಪು ಪುಟಕ್ಕೇ ಹೋಗುತ್ತೀರಿ. ಅಕ್ಷರ ನೋಡಿಯೇ ಬಿಡಿಸಿ.

ಶರಾವತಿ
‘ಎ’ ಬಗೆಹರಿಯಿತು. ವಿಭಕ್ತಿ ಇನ್ನೂ ಉಳಿದಿದೆ. ‘ಜ಼್’ ಆರ್ಟಿಕಲ್ ಹೌದೋ ಅಲ್ಲವೋ?

ಪದಚ್ಛೇದ
ಅಲ್ಲ. ಆರ್ಟಿಕಲ್ ಇರುವುದು ಪದದ ಕೊನೆಯಲ್ಲಿ, ‘ನ್’. ‘ಜ಼್’ ಇರುವುದು ಮೊದಲಲ್ಲಿ, ಅದು ಕರ್ಮದ ಗುರುತು. ಎರಡೂ ಒಟ್ಟಿಗೆ ಬರಬಹುದು, ‘ಜ಼್-ಒರ್ದಿ-ನ್’ ಇದ್ದ ಹಾಗೆ. ಒಂದೇ ಬರಬಹುದು, ‘ಜ಼್-ಆಶ್ಖಾರ್ಹ್’ ಇದ್ದ ಹಾಗೆ. ‘ಜ಼್’ ಆರ್ಟಿಕಲ್ ಆಗಿದ್ದರೆ ಕರ್ತೃವಿನ ಮೇಲೂ ಬರಬೇಕಿತ್ತು. ಕರ್ತೃವಿನ ಮೇಲೆ ಅದು ಬರುವುದೇ ಇಲ್ಲ.

ನಾಮಪದದ ಏಕವಚನದಲ್ಲಿ ಪ್ರಥಮಾ ಮತ್ತು ದ್ವಿತೀಯಾ ರೂಪ ಒಂದೇ. ಪದದ ಕೊನೆ ಹಿಂದೆಯೇ ಸವೆದುಹೋಗಿದೆ. ಯಾರು ಯಾರನ್ನು ಎಂಬುದನ್ನು ತೋರಿಸುವ ಭಾರ ‘ಜ಼್’ ಮೇಲೆ ಬಿತ್ತು. ಅದೂ ಎಲ್ಲ ಕರ್ಮಕ್ಕಲ್ಲ, ಗೊತ್ತಿರುವ, ಇಂಥದ್ದೇ ಎಂದು ತೋರಿಸಬಹುದಾದ ಕರ್ಮಕ್ಕೆ. ಕನ್ನಡಿಗರಿಗೆ ಇದು ಹೊಸದಲ್ಲ. ‘ಪುಸ್ತಕ ಓದಿದೆ’ ಮತ್ತು ‘ಪುಸ್ತಕವನ್ನು ಓದಿದೆ’ ಇವುಗಳ ನಡುವೆ ನಾವು ಮಾಡುವ ವ್ಯತ್ಯಾಸವೇ ಅದು. ನಮ್ಮದು ಪದದ ಹಿಂದೆ, ಅವರದು ಮುಂದೆ.

ಬಹುವಚನದಲ್ಲಿ ಹಾಗಲ್ಲ, ಅಲ್ಲಿ ಪ್ರತ್ಯಯ ಬದುಕಿದೆ. ‘ಬದುಕು’ ಎಂಬ ಪದ ಯಾವಾಗಲೂ ಬಹುವಚನ: ಪ್ರಥಮಾ ‘ಕೆಯಾನ್ಕ್’, ದ್ವಿತೀಯಾ ‘ಕೆಯಾನ್ಸ್’, ಷಷ್ಠಿ ‘ಕೆನಾಥ್ಸ್’. ನಿಮ್ಮ ವಚನದ ‘ಜ಼್-ಕೆಯಾನ್ಸ್-ನ್’ನಲ್ಲಿ ಮುಂದೆ ‘ಜ಼್’, ನಡುವೆ ದ್ವಿತೀಯಾ ಬಹುವಚನದ ‘ಸ್’, ಕೊನೆಗೆ ಆರ್ಟಿಕಲ್ ‘ನ್’. ಮೂರು ಪದರವೂ ಒಂದೇ ಪದದಲ್ಲಿ ಕಾಣುವ ಜಾಗ ಇದು.

ತುಂಗಾತೀರ
ಆದಿಕಾಂಡ 1:1 ಓದುತ್ತಿದ್ದೇನೆ, ಇದೇ ವಿಷಯವಾದ್ದರಿಂದ ಇಲ್ಲೇ ಕೇಳುತ್ತೇನೆ. ‘ಇ ಸ್ಕಜ಼್ಬಾನೇ ಆರಾರ್ ಆಸ್ತುವಾತ್ಸ್ ಜ಼್-ಎರ್ಕಿನ್ ಎವ್ ಜ಼್-ಎರ್ಕಿರ್.’ ಆಕಾಶಕ್ಕೆ ‘ನ್’ ಇದೆ, ಭೂಮಿಗೆ ಇಲ್ಲ. ಆಕಾಶ ನಿರ್ದಿಷ್ಟ, ಭೂಮಿ ಅನಿರ್ದಿಷ್ಟ ಎಂದು ತೆಗೆದುಕೊಳ್ಳಬೇಕೆ? ಇದರಲ್ಲೇನಾದರೂ ತಾತ್ಪರ್ಯ ಇದೆಯೇ?

ಪದಚ್ಛೇದ
ಅದು ಆರ್ಟಿಕಲ್ ಅಲ್ಲ. ‘ಎರ್ಕಿನ್’ ಎಂಬುದೇ ಇಡೀ ಪದ, ಆ ನಕಾರ ಪ್ರಕೃತಿಯದು. ಆರ್ಟಿಕಲ್ ಹತ್ತಿದ್ದರೆ ಇನ್ನೊಂದು ನಕಾರ ಬರಬೇಕಿತ್ತು. ಎರಡಕ್ಕೂ ‘ಜ಼್’ ಇದೆ, ಎರಡಕ್ಕೂ ಆರ್ಟಿಕಲ್ ಇಲ್ಲ.

ಇದೇ ಅಧ್ಯಾಯ ಮುಂದೆ ಓದಿ, ನಿಮಗೆ ಒಳ್ಳೆಯ ಹೋಲಿಕೆ ಸಿಗುತ್ತದೆ. ಮೂರನೇ ವಚನದಲ್ಲಿ ‘ಎಳಿಥ್ಸಿ ಲೊಯ್ಸ್, ಎವ್ ಎಳೆವ್ ಲೊಯ್ಸ್’: ಬೆಳಕಾಗಲಿ, ಬೆಳಕಾಯಿತು. ಬೆಳಕು ಇಲ್ಲಿ ಹೊಸದು, ಆರ್ಟಿಕಲ್ ಇಲ್ಲ. ನಾಲ್ಕನೆಯದರಲ್ಲಿ ದೇವರು ಅದನ್ನು ನೋಡುತ್ತಾನೆ: ‘ಎತೆಸ್ ಆಸ್ತುವಾತ್ಸ್ ಜ಼್-ಲೊಯ್ಸ್-ನ್’. ಆಗಲೇ ಬಂದುಹೋದ ಬೆಳಕು, ಅದಕ್ಕೇ ‘ನ್’ ಹತ್ತಿತು. ಅಂದಹಾಗೆ ‘ಎತೆಸ್’ಗೂ ‘ಎ’ ಬಂದಿದೆ ನೋಡಿ, ‘ತೆಸ್’ ಒಂದೇ ಉಚ್ಚಾರಾಂಶ. ‘ಆರಾರ್’ ಸ್ವರದಿಂದ ಶುರು, ಎರಡು ಉಚ್ಚಾರಾಂಶ, ಹಾಗಾಗಿ ಆಗಮವಿಲ್ಲ.

ಪೇಟೆ ಗ್ರೀಕ್
ಗ್ರೀಕ್ ಮೂಲದಲ್ಲಿ ಆಕಾಶ, ಭೂಮಿ ಎರಡಕ್ಕೂ ಆರ್ಟಿಕಲ್ ಇದೆ. ಯೋಹಾನದಲ್ಲಿ ಲೋಕಕ್ಕೂ ಇದೆ. ಅನುವಾದಕರು ಗ್ರೀಕ್‌ನ ಆರ್ಟಿಕಲ್‌ಗಳನ್ನು ಲೆಕ್ಕ ಹಾಕಿ ‘ನ್’ ಹಚ್ಚಿಲ್ಲ ಎಂಬುದು ಇದರಿಂದಲೇ ಸ್ಪಷ್ಟ. ಒಂದೇ ಒಂದಾಗಿರುವ ವಸ್ತುಗಳಿಗೆ, ಅಂದರೆ ಆಕಾಶ, ಭೂಮಿ, ಲೋಕ ಇಂಥವಕ್ಕೆ ‘ನ್’ ಬೇಕಾಗಲಿಲ್ಲ ಎಂದು ನನ್ನ ಅಭಿಪ್ರಾಯ.

ಪದಚ್ಛೇದ
ಈ ಎರಡು ವಚನಗಳಿಗೆ ಅದು ಹೊಂದುತ್ತದೆ. ಆದರೆ ಸುವಾರ್ತೆಗಳಲ್ಲಿ ಆರ್ಟಿಕಲ್ ಹಚ್ಚುವುದು ಬಿಡುವುದು ಬರೀ ಅಷ್ಟರ ಮೇಲೆ ನಿಂತಿಲ್ಲ. ಅದನ್ನು ನಿಯಮವೆಂದು ಬರೆದುಕೊಳ್ಳದೆ ಒಲವು ಎಂದು ಇಟ್ಟುಕೊಳ್ಳಿ.

ಕರಾವಳಿ ಓದುಗ
‘ಇ ನಾ’ ಅಂದರೆ ‘ಅವನಲ್ಲಿ’ ತಾನೆ? ಅವನಲ್ಲಿ ನಂಬಿಕೆಯಿಡುವ. ಹಾಗಾದರೆ ಸಪ್ತಮಿ ಎಂದು ಗುರುತು ಹಾಕಿಕೊಂಡೆ.

ಪೇಟೆ ಗ್ರೀಕ್
ಗ್ರೀಕ್‌ನಲ್ಲಿ ಇಲ್ಲಿ ‘ಐಸ್ ಆವ್ಟೋನ್’ ಇದೆ, ‘ಅವನೊಳಕ್ಕೆ’ ಎಂಬಂತೆ, ದ್ವಿತೀಯಾ. ಅರ್ಮೇನಿಯನ್‌ನಲ್ಲೂ ಅದೇ ಇರಬೇಕು.

ಪದಚ್ಛೇದ
ಅದೇ ಇದೆ, ಅದಕ್ಕೆ ರೂಪದ ಸಾಕ್ಷಿಯೂ ಇದೆ. ‘ಇ’ ಎಂಬ ಉಪಸರ್ಗ ದ್ವಿತೀಯೆಯ ಜೊತೆ ಬಂದರೆ ‘ಕಡೆಗೆ, ಒಳಕ್ಕೆ’. ಸಪ್ತಮಿಯ ಜೊತೆ ಬಂದರೆ ‘ಅಲ್ಲಿ’. ಪಂಚಮಿಯ ಜೊತೆ ಬಂದರೆ ‘ಇಂದ’, ತುಂಗಾತೀರ ಅವರು ಕೊಟ್ಟ ‘ಇ ಸ್ಕಜ಼್ಬಾನೇ’ ಅಂಥದ್ದು. ‘ಅವನು’ ಎಂಬ ಸರ್ವನಾಮದ ದ್ವಿತೀಯಾ ‘ನಾ’, ಸಪ್ತಮಿ ‘ನ್ಮಾ’. ಇಲ್ಲಿ ‘ಇ ನಾ’ ಇದೆ, ಆದ್ದರಿಂದ ದ್ವಿತೀಯೆ. ಸಪ್ತಮಿಯಾಗಿದ್ದರೆ ‘ಇ ನ್ಮಾ’ ಇರುತ್ತಿತ್ತು.

ಇಲ್ಲಿ ಸರ್ವನಾಮ ಇದ್ದದ್ದು ನಮ್ಮ ಪುಣ್ಯ. ‘ದೇವರಲ್ಲಿ ನಂಬಿಕೆ’ ಎಂದು ‘ಯ್-ಆಸ್ತುವಾತ್ಸ್’ ಬಂದಿದ್ದರೆ ದ್ವಿತೀಯೆ, ಸಪ್ತಮಿ ಎರಡೂ ಒಂದೇ ಥರ ಕಾಣುತ್ತವೆ. ಬಹುವಚನದಲ್ಲಂತೂ ಎಲ್ಲ ನಾಮಪದಕ್ಕೂ ದ್ವಿತೀಯೆ, ಸಪ್ತಮಿ ಒಂದೇ, ಎರಡೂ ‘ಸ್’. ಅಂಥ ಕಡೆ ಕ್ರಿಯಾಪದ ಚಲನೆಯದೋ ಇರುವಿಕೆಯದೋ ಎಂದು ನೋಡಿ ತೀರ್ಮಾನಿಸಬೇಕು. ನಿಮ್ಮ ‘ಅವನಲ್ಲಿ’ ಬಂದದ್ದು ಕನ್ನಡದ ವಾಡಿಕೆಯಿಂದ. ವಿಭಕ್ತಿ ಗುರುತಿಸಲು ಕನ್ನಡದ ಅನುವಾದ ಆಧಾರವಾಗಬಾರದು.

ಆದರೆ ‘ಇವ್ರ್’ ವಿಷಯದಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ಅದು ಸರಿಯಾಗಿ ನಮ್ಮ ‘ತನ್ನ’. ‘ಅವನ’ ಅನ್ನಲು ‘ನೊರಾ’ ಬೇಕು.

ಶರಾವತಿ
ಹಾಗಾದರೆ ‘ಯಾವಿತೆನಾಕಾನ್ಸ್’ ಕೊನೆಯ ‘ಸ್’? ‘ನ್’ ಥರ ‘ಸ್’ ಎಂಬ ಆರ್ಟಿಕಲ್ ಕೂಡ ಇದೆ ಎಂದು ಓದಿದ್ದೆ, ‘ಈ, ನನ್ನ ಬಳಿಯ’ ಎಂಬ ಅರ್ಥದ್ದು. ‘ಈ ನಿತ್ಯವಾದ’ ಎಂದು ಬರೆದುಕೊಂಡೆ.

ಪದಚ್ಛೇದ
ಆರ್ಟಿಕಲ್ ಮೂರು ಇರುವುದು ನಿಜ: ಹತ್ತಿರದ್ದಕ್ಕೆ ‘ಸ್’, ಕೇಳುವವನ ಬಳಿಯದಕ್ಕೆ ‘ದ್’, ದೂರದ್ದಕ್ಕೆ ‘ನ್’. ಆದರೆ ಇಲ್ಲಿನ ‘ಸ್’ ದ್ವಿತೀಯಾ ಬಹುವಚನದ್ದು. ‘ಕೆಯಾನ್ಸ್’ಗೆ ಹೊಂದಿಕೊಂಡು ವಿಶೇಷಣವೂ ಬಹುವಚನ ದ್ವಿತೀಯೆಗೆ ಬಂದಿದೆ. ನಾಮಪದದ ಹಿಂದೆ ಬಂದ ವಿಶೇಷಣ ಹೀಗೆ ಹೊಂದಿಕೊಳ್ಳುತ್ತದೆ. ಜೊತೆಗೆ ಆ ನಾಮಪದಕ್ಕೆ ಆಗಲೇ ‘ನ್’ ಹತ್ತಿದೆ. ಒಂದೇ ವಸ್ತುವಿಗೆ ‘ಆ’ ಎಂದೂ ‘ಈ’ ಎಂದೂ ಒಟ್ಟಿಗೆ ಹೇಳಲಾಗದು.

‘ಮಿಯಾತ್ಸಿನ್’ ಕೂಡ ಹಿಂದೆಯೇ ಬಂದಿದೆ, ಅದೂ ಹೊಂದಿಕೊಂಡಿದೆ. ಏಕವಚನ ದ್ವಿತೀಯೆಗೆ ಪ್ರತ್ಯಯವೇ ಇಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಅದರ ಕೊನೆಯ ನಕಾರವನ್ನೂ ಆರ್ಟಿಕಲ್ ಎಂದುಕೊಳ್ಳಬೇಡಿ, ‘ಹುಟ್ಟು’ ಎಂಬ ಅರ್ಥದ ‘ತ್ಸಿನ್’ ಭಾಗದ್ದು ಅದು.

ಪೇಟೆ ಗ್ರೀಕ್
ಕ್ರಿಯಾಪದಗಳಿಗೆ ಮರಳೋಣ. ‘ಕೊರಿಥ್ಸೇ’ ಮತ್ತು ‘ಅನ್ಕಾಲ್‌ಥ್ಸಿ’ ಎರಡರಲ್ಲೂ ‘ಥ್ಸ್’ ಇದೆ. ‘ಸಿರೆಯಾಥ್ಸ್’ನಲ್ಲೂ ಇದೆ. ಮೂರೂ ಅಯೋರಿಸ್ಟ್ ಎಂದು ‘ಥ್ಸ್’ ನೋಡಿಯೇ ಹೇಳಬಹುದಲ್ಲವೇ?

ಪದಚ್ಛೇದ
ಮೂರೂ ಅಯೋರಿಸ್ಟ್ ಹೌದು, ಆದರೆ ‘ಥ್ಸ್’ ನೋಡಿ ಹೇಳುವ ಹಾಗಿಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ‘ಸಿರೆಯಾಥ್ಸ್’ನ ‘ಥ್ಸ್’ ಅಯೋರಿಸ್ಟ್ ಅಂಗದ್ದು. ‘ಕೊರಿಥ್ಸೇ’ಯ ‘ಥ್ಸ್’ ಸಬ್ಜಂಕ್ಟಿವ್‌ದು, ‘ಆಗಲಿ, ಆಗಬೇಕು, ಆದೀತು’ ಎಂಬ ಭಾವದ್ದು. ಸಬ್ಜಂಕ್ಟಿವ್ ವರ್ತಮಾನದಲ್ಲೂ ಇದೆ, ಅದಕ್ಕೂ ‘ಥ್ಸ್’ ಇದೆ. ‘ಉಳ್ಳವನಾಗು’ ಎಂಬುದರ ವರ್ತಮಾನ ಸಬ್ಜಂಕ್ಟಿವ್ ‘ಉನಿಥ್ಸಿ’.

ಹಾಗಾಗಿ ‘ಥ್ಸ್’ ಕಳಚಿ ಉಳಿದ ಅಂಗ ಯಾವುದೆಂದು ನೋಡಬೇಕು. ‘ನಾಶವಾಗು’ ನಿಘಂಟಿನಲ್ಲಿ ‘ಕೊರ್ನ್‌ಚಿಮ್’ ಎಂದಿದೆ. ಅದರ ‘ನ್‌ಚ್’ ವರ್ತಮಾನದ ಅಂಗಕ್ಕೆ ಮಾತ್ರ ಸೇರಿದ್ದು. ಅಯೋರಿಸ್ಟಿನಲ್ಲಿ ಅದು ಬಿದ್ದು ‘ಕೊರ್’ ಉಳಿಯುತ್ತದೆ: ‘ಕೊರೆಯಾವ್’, ನಾಶವಾದನು. ‘ಕೊರಿಥ್ಸೇ’ಯಲ್ಲಿ ‘ನ್‌ಚ್’ ಇಲ್ಲ, ಹಾಗಾಗಿ ಅಯೋರಿಸ್ಟ್ ಸಬ್ಜಂಕ್ಟಿವ್. ‘ಸಿರೆಮ್’ಗೆ ಅಯೋರಿಸ್ಟ್ ಸಬ್ಜಂಕ್ಟಿವ್ ಮಾಡಿದರೆ ಎರಡು ‘ಥ್ಸ್’ ಎದುರಾಗುತ್ತವೆ, ಮೊದಲನೆಯದು ಸಕಾರವಾಗಿ ‘ಸಿರೆಸ್‌ಥ್ಸೇ’ ಆಗುತ್ತದೆ.

ವಚನದಲ್ಲಿ ‘ಜ಼ಿ’ ಎರಡು ಸಲ ಬಂದಿದೆಯಲ್ಲ, ಅವುಗಳನ್ನು ಬೇರೆ ಮಾಡುವುದೂ ಇದೇ. ಮೊದಲ ‘ಜ಼ಿ’ಯ ನಂತರ ‘ಸಿರೆಯಾಥ್ಸ್’ ಎಂಬ ನಿಶ್ಚಯಾರ್ಥ ಇದೆ, ‘ಏಕೆಂದರೆ’ ಎಂದು ಓದಿ. ಎರಡನೆಯದರ ನಂತರ ಸಬ್ಜಂಕ್ಟಿವ್ ಇದೆ, ‘ಎಂದು, ಹಾಗಾಗುವಂತೆ’ ಎಂದು ಓದಿ. ನಡುವಿನ ‘ಹಾವಾತಾಯ್’ ಮಾತ್ರ ವರ್ತಮಾನ, ನಂಬುವವನು ಯಾರು ಎಂದು ಹೇಳುವ ಒಳವಾಕ್ಯ ಅದು.

ಶರಾವತಿ
‘ಹಾವಾತಾಯ್’ನ ‘ಆಯ್’ ನನಗೆ ‘ಅನ್ಕಾಲಾಯ್’ ಥರ ಕಂಡಿತು. ಅದು ‘ನಾನು ಸ್ವೀಕರಿಸಿದೆ’ ಅಲ್ಲವೇ?

ಪದಚ್ಛೇದ
ಹೌದು, ಕೊನೆ ಒಂದೇ. ‘ಹಾವಾತಾಯ್’ ಪ್ರಥಮ ಪುರುಷ ವರ್ತಮಾನ, ‘ಅನ್ಕಾಲಾಯ್’ ಉತ್ತಮ ಪುರುಷ ಅಯೋರಿಸ್ಟ್. ಇಲ್ಲಿಯೂ ಅಂಗವೇ ದಾರಿ. ‘ನಂಬು’ ಎಂಬುದರ ಅಯೋರಿಸ್ಟ್ ಅಂಗ ‘ಹಾವಾತಾಥ್ಸ್’, ಅದರ ‘ಥ್ಸ್’ ಇಲ್ಲಿ ಇಲ್ಲ, ಆದ್ದರಿಂದ ವರ್ತಮಾನ. ‘ಅನ್ಕಾಲ್’ ಎಂಬ ಅಂಗಕ್ಕೆ ವರ್ತಮಾನವೇ ಇಲ್ಲ, ಆದ್ದರಿಂದ ಅದು ಅಯೋರಿಸ್ಟ್ ಅಲ್ಲದೆ ಬೇರೆ ಆಗಲಾರದು. ನಿಘಂಟಿನಲ್ಲಿ ಅದನ್ನು ‘ಅನ್ದುನಿಮ್’ ಅಡಿಯಲ್ಲಿ ಹುಡುಕಬೇಕು.

ಇವೆರಡು ಹೇಗೆ ಒಂದಾದವು ಎಂಬುದು ಸ್ವಾರಸ್ಯವಾಗಿದೆ. ‘ಉನಿಮ್’ ಅಂದರೆ ಉಳ್ಳವನಾಗಿದ್ದೇನೆ. ಅದಕ್ಕೆ ತನ್ನದೇ ಅಯೋರಿಸ್ಟ್ ಇಲ್ಲ, ‘ಕಾಲಾಯ್’ ಎಂಬ ಬೇರೆ ಧಾತುವನ್ನು ಎರವಲು ಪಡೆಯುತ್ತದೆ. ‘ಅನ್ದ್’ ಎಂಬ ಉಪಸರ್ಗ ಎರಡಕ್ಕೂ ಸೇರಿ ವರ್ತಮಾನದಲ್ಲಿ ‘ಅನ್ದುನಿಮ್’, ಅಯೋರಿಸ್ಟಿನಲ್ಲಿ ‘ಅನ್ಕಾಲಾಯ್’. ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದು ಸಿಗುತ್ತದೆ: ತನ್ನವರು ‘ಜ಼್-ನಾ ಒಚ್ ಅನ್ಕಾಲಾನ್’, ಅವನನ್ನು ಸ್ವೀಕರಿಸಲಿಲ್ಲ. ಹಾಗೇ ಗಮನಿಸಿ, ಅಲ್ಲಿ ನಿಷೇಧ ‘ಒಚ್’, ನಮ್ಮ ವಚನದಲ್ಲಿ ‘ಮಿ’. ನಡೆದದ್ದನ್ನು ಅಲ್ಲಗಳೆಯಲು ‘ಒಚ್’, ನಡೆಯದಿರಲಿ ಎನ್ನಲು ‘ಮಿ’.

ಪೇಟೆ ಗ್ರೀಕ್
ನನಗೆ ಕಾಡುವುದು ಇದೇ. ಗ್ರೀಕ್‌ನಲ್ಲಿ ‘ನಾಶವಾಗದೆ’ ಎಂಬುದು ಅಯೋರಿಸ್ಟ್ ಸಬ್ಜಂಕ್ಟಿವ್, ‘ಹೊಂದಿರಬೇಕು’ ಎಂಬುದು ವರ್ತಮಾನ ಸಬ್ಜಂಕ್ಟಿವ್. ಒಂದು ಸಲ ಆಗುವ ನಾಶ, ಸದಾ ಇರುವ ಜೀವ ಎಂಬ ವ್ಯತ್ಯಾಸ ಅಲ್ಲಿದೆ. ಅರ್ಮೇನಿಯನ್ ಅನುವಾದಕರ ಕೈಯಲ್ಲಿ ‘ಉನಿಥ್ಸಿ’ ಇತ್ತು, ಗ್ರೀಕ್‌ಗೆ ಸರಿಯಾಗಿ ಹೊಂದುತ್ತಿತ್ತು. ಬಿಟ್ಟು ‘ಅನ್ಕಾಲ್‌ಥ್ಸಿ’ ಯಾಕೆ?

ಅಷ್ಟಾಧ್ಯಾಯಿ
ಕನ್ನಡ ಬೈಬಲಿನಲ್ಲೂ ‘ನಿತ್ಯಜೀವವನ್ನು ಪಡೆಯಬೇಕೆಂದು’ ಎಂದೇ ಇದೆ. ಸಹಜವಾಗಿ ಹಾಗೆ ಹೇಳುತ್ತಾರೆ ಅಷ್ಟೇ.

ಪದಚ್ಛೇದ
ಕನ್ನಡದ ಅನುವಾದ ಎಷ್ಟೋ ಶತಮಾನದ ಆಮೇಲಿನದು, ಅದರಿಂದ ಐದನೇ ಶತಮಾನದ ಆಯ್ಕೆಗೆ ಕಾರಣ ಸಿಗದು. ಸುರಿಯಾನಿ ಪ್ರಭಾವ ಎನ್ನೋಣವೆಂದರೆ, ಸುರಿಯಾನಿ ಬೈಬಲಾದ ಪೆಶಿತ್ತಾದಲ್ಲಿ ‘ಅವನಿಗೆ ನಿತ್ಯಜೀವ ಇರಲಿ’ ಎಂಬ ಕಟ್ಟು ಇದೆ, ‘ಸ್ವೀಕರಿಸು’ ಅಲ್ಲ. ಅಲ್ಲಿಯೂ ಜೀವ ಎಂಬ ಪದ ಬಹುವಚನದಲ್ಲೇ ಇದೆ, ಆದರೆ ಅರ್ಮೇನಿಯನ್ ಪದ ತಾನಾಗಿಯೇ ಬಹುವಚನವಾದ್ದರಿಂದ ಅದೂ ಸಾಕ್ಷಿಯಾಗದು. ‘ಕೊರಿಥ್ಸೇ’ಗೆ ಎದುರಾಗಿ ಇನ್ನೊಂದು ಅಯೋರಿಸ್ಟ್ ಸಬ್ಜಂಕ್ಟಿವ್ ಇಟ್ಟರು ಎಂದು ನನಗೆ ತೋರುತ್ತದೆ. ಗ್ರಾಬಾರ್‌ಗೆ ಬೇರೆ ಭವಿಷ್ಯತ್ ಕಾಲವೇ ಇಲ್ಲ, ಆ ಕೆಲಸವನ್ನೂ ಮಾಡುವುದು ಅಯೋರಿಸ್ಟ್ ಸಬ್ಜಂಕ್ಟಿವ್. ‘ಮುಂದೆ ಪಡೆಯುವನು’ ಎಂಬ ಧ್ವನಿ ಅದರಲ್ಲಿ ಸಹಜವಾಗಿ ಬರುತ್ತದೆ.

ಪೇಟೆ ಗ್ರೀಕ್
ಆಗ ಗ್ರೀಕ್‌ನ ‘ಈಗಲೇ ಇರುವ’ ಎಂಬ ಅರ್ಥ ಕಳೆದುಹೋಯಿತಲ್ಲ. ಅನುವಾದಕರು ಅಷ್ಟು ಸೂಕ್ಷ್ಮವನ್ನು ಬಿಟ್ಟರೆಂದು ಒಪ್ಪಲು ನನಗೆ ಕಷ್ಟ. ಹಿಂದಿನ ವಚನದಲ್ಲೂ ಇದೇ ‘ಅನ್ಕಾಲ್‌ಥ್ಸಿ’ ಇದೆ, ಅಲ್ಲಿ ನಿಮ್ಮ ಪಾಠದಲ್ಲಿ ‘ಕೊರಿಥ್ಸೇ’ ಇಲ್ಲ. ಎದುರುಜೋಡಿಗಾಗಿ ಇಟ್ಟರು ಎಂಬ ವಾದ ಅಲ್ಲಿ ಹೇಗೆ ನಿಲ್ಲುತ್ತದೆ?

ಪದಚ್ಛೇದ
ಒಳ್ಳೆಯ ಆಕ್ಷೇಪ. 3:15 ನನ್ನ ವಾದಕ್ಕೆ ಅಡ್ಡ ಬರುತ್ತದೆ. ಯೋಹಾನ ಸುವಾರ್ತೆಯಲ್ಲಿ ಗ್ರೀಕ್ ‘ಜೀವ ಹೊಂದು’ ಬರುವ ಜಾಗಗಳನ್ನೆಲ್ಲ ಎದುರುಬದುರು ಇಟ್ಟು, ಎಲ್ಲಿ ‘ಉನಿಮ್’, ಎಲ್ಲಿ ‘ಅನ್ದುನಿಮ್’, ಯಾವ ಭಾವದಲ್ಲಿ ಎಂದು ನೋಡಬೇಕು.

ಶರಾವತಿ
ಆ ಪಟ್ಟಿ ನಾನು ಮಾಡುತ್ತೇನೆ. ಮೂರನೇ ಅಧ್ಯಾಯದಿಂದ ಆರನೆಯದರವರೆಗೆ ಮೊದಲು. ನಿಶ್ಚಯಾರ್ಥದ ವಾಕ್ಯಗಳನ್ನೂ ಉದ್ದೇಶವಾಕ್ಯಗಳನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಲೇ?

ಪದಚ್ಛೇದ
ಹಾಕಿ. ಪಕ್ಕದಲ್ಲಿ ಇನ್ನೊಂದು ಸಾಲು ಇಟ್ಟು ಕರ್ಮಕ್ಕೆ ‘ಜ಼್’ ಇದೆಯೋ, ‘ನ್’ ಇದೆಯೋ ಎಂದೂ ಬರೆಯಿರಿ. ಆರ್ಟಿಕಲ್ ವಿಷಯವೂ ಅದರಲ್ಲೇ ಸ್ವಲ್ಪ ತಿಳಿಯಾಗಬಹುದು.